32 ಸೀಟಿನ ರೂಟರು, 37 ಪ್ರಯಾಣಿಕರು

ಕಳೆದ ಸುಗ್ಗಿಯಲ್ಲಿ ನಮ್ಮ ಕಣದಿಂದ ಎರಡು ಚೀಲ ಅಡಿಕೆ ಹೋಯಿತು. ಬೇಯಿಸಿ, ಒಣಗಿಸಿ, ಚೀಲ ಕಟ್ಟಿಟ್ಟಿದ್ದ ಅಡಿಕೆ. ಚನ್ನಗಿರಿ ಕಡೆಯವರಿಗೆ ಎರಡು ಚೀಲ ಅಂದರೆ ಎಷ್ಟು ದುಡ್ಡು ಅಂತ ಬಿಡಿಸಿ ಹೇಳಬೇಕಿಲ್ಲ.

ಕಣಕ್ಕೆ ಕ್ಯಾಮೆರಾ ಇತ್ತು. ಆದರೆ ಆ ರಾತ್ರಿಯ ವಿಡಿಯೋ ಇರಲಿಲ್ಲ. ಬೆಳಿಗ್ಗೆ ದೊಡ್ಡಪ್ಪ ಫೋನಿನಲ್ಲಿ ಆ್ಯಪ್ ತೆಗೆದರೆ ಕಣದ ಕ್ಯಾಮೆರಾದ ಜಾಗದಲ್ಲಿ `Device offline` ಅಂತ ಬರೆದಿತ್ತು. ಕೊನೆಯ ತುಣುಕು ರಾತ್ರಿ 8.52ರದ್ದು. ಅದರಲ್ಲಿ ನಮ್ಮ ನಾಯಿ ಒಮ್ಮೆ ಅಡ್ಡ ಹಾದುಹೋಗಿತ್ತು, ಅಷ್ಟೇ.

ಮನೆಯಲ್ಲಿ ಅನುಮಾನ ಬಿದ್ದದ್ದು ಚಿಕ್ಕಪ್ಪನ ಮಗನ ಮೇಲೆ. ಕದ್ದ ಅಂತಲ್ಲ, ಕ್ಯಾಮೆರಾ ಆಫ್ ಮಾಡಿದ ಅಂತ. ಪಿಯುಸಿ ಓದುವ ಹುಡುಗ, ರಾತ್ರಿ ಫೋನಿನಲ್ಲಿ ಗೇಮ್ ಆಡುತ್ತಾನೆ. ಹಿಂದೊಮ್ಮೆ ನೆಟ್ ಸಾಲದು ಅಂತ ಬಾಗಿಲಿನ ಕ್ಯಾಮೆರಾದ ಪ್ಲಗ್ ಕಿತ್ತಿದ್ದು ನಿಜ. 'ಈ ಸಲವೂ ಇವನದೇ ಕೆಲಸ' ಅಂತ ದೊಡ್ಡಪ್ಪ ಅಂಗಳದಲ್ಲಿ ನಿಂತು ಕೂಗಿದರು. ಹುಡುಗ 'ನಾನಲ್ಲ ದೊಡ್ಡಪ್ಪ' ಅಂದ. ಯಾರೂ ನಂಬಲಿಲ್ಲ. ನಾವೂ ನಂಬಲಿಲ್ಲ. ಜಿಲ್ಲೆಯ ಕಳ್ಳತನದ ಸುದ್ದಿ ಬರೆಯುವುದೇ ನಮ್ಮ ಕೆಲಸ. ಎರಡೂ ಕಡೆ ವಿಚಾರಿಸಬೇಕು ಅಂತ ಡಿಪ್ಲೊಮಾದಲ್ಲಿ ಕಲಿತವರು ಸ್ವಂತ ಮನೆಯಲ್ಲಿ ಅದನ್ನು ಮರೆತೆವು.

ಆಮೇಲೆ ತಿಳಿದ ವಿಷಯ ಇದು: ತಪ್ಪು ಹುಡುಗನದಲ್ಲ, ನೆಟ್ ಕಂಪನಿಯದೂ ಅಲ್ಲ. ನಮ್ಮ ಮನೆಯ ರೂಟರಿನಲ್ಲಿ ಸೀಟು ಸಾಲುತ್ತಿರಲಿಲ್ಲ. ದೊಡ್ಡ ಸಂಸಾರದ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಪಾಡು ಇರಬಹುದು. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ.

ಹಗಲು ಬಂದರೆ ಎಲ್ಲ ಸರಿ

ನಮ್ಮದು ಕೂಡು ಕುಟುಂಬ. ಅಜ್ಜಿ, ದೊಡ್ಡಪ್ಪ, ನಮ್ಮ ಅಪ್ಪ, ಚಿಕ್ಕಪ್ಪ, ಅವರವರ ಮಕ್ಕಳು, ಸೊಸೆಯಂದಿರು, ಸಣ್ಣವರು ಸೇರಿ 17 ಜನ. ಮೂರು ವರ್ಷದ ಹಿಂದೆ ಫೈಬರ್ ಲೈನ್ ಹಾಕಿಸಿದಾಗ ಮನೆಯಲ್ಲಿ ಏಳು ಫೋನು, ಒಂದು ಟೀವಿ ಇತ್ತು. ಲೈನಿನ ಜೊತೆಗೆ ಅವರೇ ಒಂದು ಬಿಳಿ ಪೆಟ್ಟಿಗೆ ಕೊಟ್ಟರು. ಫೈಬರ್ ಬಂದು ಸೇರುವುದೂ ಅದಕ್ಕೇ, ವೈಫೈ ಬಿಡುವುದೂ ಅದೇ.

ಆಮೇಲೆ ಒಂದೊಂದೇ ಸೇರಿಕೊಂಡವು. ಮನೆ ರಿಪೇರಿ ಮಾಡಿಸಿದಾಗ ಬೆಂಗಳೂರಿನ ಅಣ್ಣ 14 ಸ್ಮಾರ್ಟ್ ಬಲ್ಬ್ ತಂದು ಹಾಕಿಸಿದ. ಮಲಗಿದಲ್ಲಿಂದಲೇ ಫೋನಿನಲ್ಲಿ ಆರಿಸಬಹುದು ಅಂತ. ಅಜ್ಜಿ ಇವತ್ತಿಗೂ ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾರೆ. ಅಡಿಕೆ ಕಳವು ಜಾಸ್ತಿಯಾದ ಮೇಲೆ ನಾಲ್ಕು ಕ್ಯಾಮೆರಾ ಬಂದವು. ಮುಂಬಾಗಿಲಿಗೆ ಒಂದು, ಕೊಟ್ಟಿಗೆಗೆ ಒಂದು, ಕಣಕ್ಕೆ ಎರಡು.

ತೊಂದರೆ ಶುರುವಾದದ್ದು ಆಗಲೇ. ಸಂಜೆಯಾದರೆ ಯಾವುದಾದರೂ ಒಂದು ಕೈಕೊಡುತ್ತಿತ್ತು. ಒಂದು ದಿನ ಟೀವಿಗೆ ನೆಟ್ ಇಲ್ಲ, ಇನ್ನೊಂದು ದಿನ ಅತ್ತಿಗೆಯ ಫೋನಿಗೆ ಇಲ್ಲ, ಮತ್ತೊಂದು ದಿನ ಕ್ಯಾಮೆರಾ ಇಲ್ಲ. ನಾವು ಸಂಜೆ ಏಳಕ್ಕೆ ಕಳಿಸಬೇಕಾದ ವಿಡಿಯೋ ಎಷ್ಟೋ ಸಲ ಅರ್ಧಕ್ಕೆ ನಿಂತು, ಬೈಕ್ ಹತ್ತಿ ಊರಾಚೆಯ ದಿಬ್ಬಕ್ಕೆ ಹೋಗಿ ಮೊಬೈಲ್ ಡೇಟಾದಲ್ಲಿ ಕಳಿಸಿದ್ದುಂಟು.

ನೆಟ್ ಹುಡುಗನನ್ನು ಮೂರು ಸಲ ಕರೆಸಿದೆವು. ಅವನು ಬರುವುದು ಬೆಳಿಗ್ಗೆ 11ಕ್ಕೆ. ಆಗ ಎಲ್ಲವೂ ಚೆನ್ನಾಗಿ ಓಡುತ್ತಿತ್ತು. 'ಲೈನ್ ಚೆನ್ನಾಗೇ ಇದೆ ಸಾರ್, ಪ್ಲಾನ್ ಜಾಸ್ತಿ ಮಾಡಿಸ್ಕೊಳಿ' ಅಂದ. 50 ಎಂಬಿಪಿಎಸ್ ಇದ್ದದ್ದನ್ನು 100 ಮಾಡಿಸಿದೆವು. ಬಿಲ್ ಏರಿತು. ಸಂಜೆಯ ಗೋಳು ಹಾಗೇ ಉಳಿಯಿತು.

ಹುಡುಗನೇ ಕಂಡುಹಿಡಿದ

ಕಳವಾಗಿ ಹತ್ತು ದಿನದ ಮೇಲೆ, ಒಂದು ಭಾನುವಾರ. ಎಲ್ಲರೂ ಮನೆಯಲ್ಲೇ ಇದ್ದರು. ಕರೆಂಟ್ ಹೋಗಿ ಬಂತು. ಬಂದ ಮೇಲೆ ಕಣದ ಒಂದು ಕ್ಯಾಮೆರಾ ಮತ್ತೆ ಆಫ್‌ಲೈನ್. ಹುಡುಗ ನಮ್ಮ ಹತ್ತಿರ ಬಂದು, 'ಅಣ್ಣಾ, ನಿಮ್ಮ ಫೋನಿಂದು ವೈಫೈ ಆಫ್ ಮಾಡಿ ನೋಡೋಣ' ಅಂದ. ಮಾಡಿದೆವು. ತನ್ನದನ್ನೂ ಮಾಡಿದ, ಅಕ್ಕನ ಫೋನಿನದನ್ನೂ ಮಾಡಿಸಿದ. ಎರಡು ನಿಮಿಷ ಆಗಿರಬಹುದು, ಕಣದ ಕ್ಯಾಮೆರಾ ತಾನಾಗಿಯೇ ಬಂತು. ನಾವು ನಮ್ಮ ಫೋನಿಗೆ ಮತ್ತೆ ವೈಫೈ ಹಾಕಿದರೆ ಈಗ ನಮ್ಮ ಫೋನೇ ಸೇರುತ್ತಿಲ್ಲ. ಪಾಸ್‌ವರ್ಡ್ ಸರಿಯಿದೆ, ಸಿಗ್ನಲ್ ಪೂರ್ತಿ ಇದೆ, ಆದರೂ ಒಳಗೆ ಬಿಡುತ್ತಿಲ್ಲ.

'ನೋಡಿ ಅಣ್ಣ, ಒಬ್ಬರು ಇಳಿದ್ರೆ ಇನ್ನೊಬ್ರು ಹತ್ತಬೋದು' ಅಂದ ಹುಡುಗ.

ಇಬ್ಬರೂ ರೂಟರಿನ ಒಳಗೆ ಹೊಕ್ಕು ನೋಡಿದೆವು. ಅದು ಕಷ್ಟವೇನಲ್ಲ. ಫೋನು ಮನೆಯ ವೈಫೈನಲ್ಲಿರುವಾಗ ಬ್ರೌಸರಿನಲ್ಲಿ ವೆಬ್‌ಸೈಟ್ ಹೆಸರು ಹೊಡೆಯುವ ಜಾಗದಲ್ಲಿ `192.168.1.1` ಅಂತ ಹೊಡೆದರೆ ರೂಟರಿನ ಪುಟ ತೆರೆಯುತ್ತದೆ. ಕೆಲವು ರೂಟರಿನಲ್ಲಿ ಈ ಅಂಕಿ ಬೇರೆ ಇರುತ್ತದೆ. ಪೆಟ್ಟಿಗೆಯ ತಳದ ಚೀಟಿಯಲ್ಲಿ ಅಂಕಿ, ಯೂಸರ್ ನೇಮ್, ಪಾಸ್‌ವರ್ಡ್ ಮೂರೂ ಇರುತ್ತವೆ. ಒಳಗೆ `WLAN` ಅಥವಾ `Wireless` ಅನ್ನುವ ಕಡೆ ಹೋದರೆ ಈಗ ಯಾವ್ಯಾವುದು ಸೇರಿಕೊಂಡಿದೆ ಅನ್ನುವ ಪಟ್ಟಿ ಸಿಗುತ್ತದೆ. ನಮ್ಮದರಲ್ಲಿ ಅದೇ ಪುಟದ ಕೆಳಗೆ ವೈಫೈಗೆ ಎಷ್ಟು ಸೇರಬಹುದು ಅನ್ನುವ ಮಿತಿಯೂ ಇತ್ತು. ಅಲ್ಲಿ ಬರೆದಿದ್ದದ್ದು 32.

ಅಂಗಳದಲ್ಲಿ ಕೂತು ಮನೆಯ ಲೆಕ್ಕ ಹಾಕಿದೆವು. ಫೋನು 13, ಬಲ್ಬು 14, ಕ್ಯಾಮೆರಾ 4, ಟೀವಿ 3, ಲ್ಯಾಪ್‌ಟಾಪ್ 2, ಮಕ್ಕಳ ಟ್ಯಾಬ್ 1. ಒಟ್ಟು 37. ಐದು ಹೆಚ್ಚು.

ಆಗ ಎಲ್ಲವೂ ಹೊಂದಿಕೊಂಡಿತು. ಹಗಲು ಆರೇಳು ಜನ ತೋಟಕ್ಕೆ, ಕಾಲೇಜಿಗೆ, ಪೇಟೆಗೆ ಹೋಗಿರುತ್ತಾರೆ. ಅವರ ಫೋನೂ ಹೋಗಿರುತ್ತದೆ. ಹಾಗಾಗಿ ಲೆಕ್ಕ 32ರೊಳಗೆ ಇರುತ್ತದೆ. ನೆಟ್ ಹುಡುಗ ಬರುತ್ತಿದ್ದದ್ದು ಅದೇ ಹೊತ್ತಿಗೆ. ಸಂಜೆ ಎಲ್ಲರೂ ಮನೆ ಸೇರಿದಾಗ ಕೊನೆಗೆ ಬಂದವರಿಗೆ ಸೀಟಿಲ್ಲ. ಫೋನು ಜೇಬಿನಲ್ಲಿ ಸುಮ್ಮನಿದ್ದರೂ ಅದರ ಸೀಟು ಅದಕ್ಕೇ. ಬಲ್ಬಂತೂ ಡೇಟಾ ಮುಟ್ಟುವುದೇ ಇಲ್ಲ ಅನ್ನಬಹುದು, ಆದರೆ ಟೀವಿಗೆ ಬೇಕಾಗುವಂತೆ ಅದಕ್ಕೂ ಪೂರಾ ಒಂದು ಸೀಟು ಬೇಕು. ನಮ್ಮ 32ರಲ್ಲಿ 14 ಸೀಟನ್ನು ಬಲ್ಬುಗಳೇ ಹಿಡಿದು ಕೂತಿದ್ದವು.

ಕಳವಾದ ರಾತ್ರಿ ಒಂಬತ್ತರ ಹೊತ್ತಿಗೆ ಕರೆಂಟ್ ಹೋಗಿ ಸುಮಾರು ಹತ್ತೂಕಾಲಿಗೆ ಬಂದಿತ್ತು. ರೂಟರು ಇನ್ವರ್ಟರಿನ ಲೈನಿನಲ್ಲಿ ಇರಲಿಲ್ಲ. ಅದು ಆರಿದರೆ ಎಲ್ಲರೂ ಬಸ್ಸಿನಿಂದ ಇಳಿದಂತೆ. ಮತ್ತೆ ಹೊತ್ತಿಕೊಂಡಾಗ 37ಕ್ಕೆ 37ೂ ಒಟ್ಟಿಗೆ ನುಗ್ಗುತ್ತವೆ. ಹತ್ತಿರ ಇದ್ದವಕ್ಕೆ ಸೀಟು ಸಿಕ್ಕಿತು. ದೂರದ, ಸಿಗ್ನಲ್ ಕಮ್ಮಿ ಇದ್ದ ಕಣದ ಕ್ಯಾಮೆರಾ ಹೊರಗೆ ಉಳಿಯಿತು. ಹುಡುಗ ಏನನ್ನೂ ಮುಟ್ಟಿರಲಿಲ್ಲ.

ಸೀಟು ಹೆಚ್ಚಿಸಿದರೆ ಸಾಕೇ?

ಆ 32 ಇದ್ದ ಕಡೆ 64 ಅಂತ ಬದಲಿಸಲು ಅವಕಾಶ ಇತ್ತು. ಬದಲಿಸಿದೆವು. ಎಲ್ಲವೂ ಸೇರಿಕೊಂಡವು. ಸೀಟಿನ ಕಥೆ ಮುಗಿಯಿತು ಅಂದುಕೊಂಡೆವು. ರಾತ್ರಿ ಎಂಟಕ್ಕೆ ಟೀವಿ ಸುತ್ತಲು ಶುರುವಾಯಿತು, ಫೋನಿನ ವಿಡಿಯೋ ನಿಂತು ನಿಂತು ಬಂತು. ಎರಡು ದಿನದಲ್ಲಿ ರೂಟರು ಎರಡು ಸಲ ಮರಗಟ್ಟಿ ನಿಂತು, ಆಫ್ ಮಾಡಿ ಆನ್ ಮಾಡಬೇಕಾಯಿತು. ಕಂಪನಿ ಕೊಡುವ ಸಣ್ಣ ಪೆಟ್ಟಿಗೆಯ ಮೆಮೊರಿಗೂ ಒಂದು ಮಿತಿ ಇರುತ್ತದೆ.

ಇಲ್ಲಿ ಇನ್ನೊಂದು ವಿಷಯ ಕಲಿತೆವು. ಸೀಟು ಎಷ್ಟೇ ಇರಲಿ, ಮಾತಾಡಲು ಮೈಕು ಒಂದೇ. ಗ್ರಾಮಸಭೆಯನ್ನು ನೆನೆಸಿಕೊಳ್ಳಿ. ನೂರು ಜನ ಕೂತಿರಬಹುದು, ಮೈಕು ಒಬ್ಬರ ಕೈಯಲ್ಲಿ ಮಾತ್ರ. ನಮ್ಮ ರೂಟರಿನ ವೈಫೈಯೂ ಹಾಗೇ. ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು.

ಅದರಲ್ಲೂ ದೂರ ಇದ್ದವರು ನಿಧಾನಕ್ಕೆ ಮಾತಾಡುತ್ತಾರೆ. ನಮ್ಮ ಪೆಟ್ಟಿಗೆ ಬಿಡುವುದು 2.4 ಗಿಗಾಹರ್ಟ್ಸ್ ಅನ್ನುವ ಒಂದೇ ಬಗೆಯ ವೈಫೈ. ಬಲ್ಬು, ಅಗ್ಗದ ಕ್ಯಾಮೆರಾಗಳಿಗೂ ಸಾಮಾನ್ಯವಾಗಿ ಗೊತ್ತಿರುವುದು ಅದೊಂದೇ. ಒಂದೇ ಆಂಟೆನಾದ ಸಣ್ಣ ಉಪಕರಣ ರೂಟರಿನ ಪಕ್ಕದಲ್ಲಿದ್ದರೆ ಕಾಗದದ ಲೆಕ್ಕದಲ್ಲಿ ಸೆಕೆಂಡಿಗೆ 72 ಮೆಗಾಬಿಟ್‌ವರೆಗೆ ಮಾತಾಡುತ್ತದೆ. ಅದೇ ಉಪಕರಣ ಎರಡು ಮಣ್ಣಿನ ಗೋಡೆ ದಾಟಿ ಕಣದಲ್ಲಿದ್ದರೆ ವೇಗ 6.5ಕ್ಕೆ ಇಳಿಯಬಹುದು. ಅಂದರೆ ಅಷ್ಟೇ ಮಾತಿಗೆ ಹನ್ನೊಂದು ಪಟ್ಟು ಹೊತ್ತು ಮೈಕು ಹಿಡಿದಿರುತ್ತದೆ.

ಕಣದ ಕ್ಯಾಮೆರಾ ವಿಡಿಯೋ ಕಳಿಸಲು ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಬೇಕು. ಪಕ್ಕದಲ್ಲಿದ್ದಿದ್ದರೆ ಅದು 72ರಲ್ಲಿ 2, ಲೆಕ್ಕಕ್ಕೇ ಬಾರದು. ಕಣದಲ್ಲಿರುವುದರಿಂದ 6.5ರಲ್ಲಿ 2. ಇಡೀ ಮನೆಯ ಮೈಕಿನ ಹೊತ್ತಿನಲ್ಲಿ ಮೂರರಲ್ಲೊಂದು ಪಾಲನ್ನು ಒಂದೇ ಕ್ಯಾಮೆರಾ ನುಂಗುತ್ತಿತ್ತು.

ನಮ್ಮ ಕ್ಯಾಮೆರಾಗಳು ಇಪ್ಪತ್ನಾಲ್ಕು ಗಂಟೆ ವಿಡಿಯೋ ಕಳಿಸುವುದಿಲ್ಲ. ಏನಾದರೂ ಅಲುಗಾಡಿದರೆ ಒಂದು ತುಣುಕು ಕಳಿಸುತ್ತವೆ, ಇಲ್ಲವೇ ಯಾರಾದರೂ ಆ್ಯಪ್ ತೆರೆದು ನೋಡಿದಾಗ ಕಳಿಸುತ್ತವೆ. ಆದರೆ ಕಳವಾದ ಮೇಲೆ ದೊಡ್ಡಪ್ಪ ಸಂಜೆಯಿಂದ ಮಲಗುವವರೆಗೆ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಕಣವನ್ನೇ ನೋಡುತ್ತಿದ್ದರು. ಕಣದಿಂದ ರೂಟರಿಗೆ ಒಮ್ಮೆ, ರೂಟರಿನಿಂದ ದೊಡ್ಡಪ್ಪನ ಫೋನಿಗೆ ಇನ್ನೊಮ್ಮೆ, ಅದೇ ವಿಡಿಯೋ ಗಾಳಿಯಲ್ಲಿ ಎರಡು ಸಲ ಓಡಾಡುತ್ತಿತ್ತು. ಟೀವಿ ಸುತ್ತದೆ ಇನ್ನೇನು ಮಾಡೀತು! 'ಕಣ ಇಲ್ಲೇ ಮೂವತ್ತು ಮಾರು ದೂರ, ಎದ್ದು ಹೋಗಿ ನೋಡಬಾರ್ದಾ' ಅಂತ ಅಜ್ಜಿ ಗೊಣಗುತ್ತಿದ್ದದ್ದರಲ್ಲಿ ತಾಂತ್ರಿಕವಾಗಿಯೂ ಅರ್ಥ ಇತ್ತು.

100 ಎಂಬಿಪಿಎಸ್ ಪ್ಲಾನ್ ಯಾಕೆ ಉಪಯೋಗಕ್ಕೆ ಬರಲಿಲ್ಲ ಅನ್ನುವುದೂ ಇಲ್ಲೇ ತಿಳಿಯುತ್ತದೆ. ಅದು ರಸ್ತೆಯಿಂದ ನಮ್ಮ ಮನೆಯ ಪೆಟ್ಟಿಗೆಯವರೆಗಿನ ಲೆಕ್ಕ. ಪೆಟ್ಟಿಗೆಯಿಂದ ಆಚೆ, ಮನೆಯೊಳಗಿನ ಗಾಳಿಯಲ್ಲಿ ಆಗುವ ನೂಕುನುಗ್ಗಲಿಗೆ ಬಿಲ್ ಕಟ್ಟಿ ಪರಿಹಾರ ಇಲ್ಲ.

ನಿಮ್ಮ ಮನೆಯದು ಯಾವ ರೋಗ?

ಮೂರು ಬಗೆ ಇದೆ, ಗುರುತಿಸುವುದು ಸುಲಭ.

ಕೆಲವು ಚೆನ್ನಾಗಿ ಓಡುತ್ತಿವೆ, ಒಂದೆರಡು ಮಾತ್ರ ಒಳಗೇ ಸೇರುತ್ತಿಲ್ಲ ಅಂದರೆ ಸೀಟಿನ ಅನುಮಾನ ಪಡಬೇಕು. ಮೂರು ಫೋನಿನ ವೈಫೈ ಆಫ್ ಮಾಡಿ ಐದು ನಿಮಿಷ ಕಾಯಿರಿ. ಹೊರಗಿದ್ದದ್ದು ತಾನಾಗಿ ಬಂದರೆ ಅನುಮಾನ ನಿಜ.

ಎಲ್ಲವೂ ಸೇರಿವೆ, ಎಲ್ಲವೂ ನಿಧಾನ ಅಂದರೆ ಲ್ಯಾಪ್‌ಟಾಪನ್ನು ವೈರಿನಿಂದ ನೇರ ರೂಟರಿಗೆ ಚುಚ್ಚಿ ವೇಗ ನೋಡಿ. ಅದು ಜನ ಸೇರಿರುವ ರಾತ್ರಿ ಎಂಟಕ್ಕೇ ಆಗಬೇಕು, ಬೆಳಿಗ್ಗೆ ಅಲ್ಲ. ನಮಗೆ ವೈರಿನಲ್ಲಿ 94 ಬಂತು. ಅದೇ ಹೊತ್ತಿಗೆ ಪಕ್ಕದಲ್ಲಿಟ್ಟ ಫೋನಿನ ವೈಫೈನಲ್ಲಿ 11. ಅಂದರೆ ಲೈನ್ ಗಟ್ಟಿ, ಗಾಳಿ ತುಂಬಿದೆ.

ವೈರಿನಲ್ಲೂ ನಿಧಾನ ಇದ್ದರೆ ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಇಳಿಸುತ್ತಿದ್ದಾರಾ ಅಂತ ನೋಡಿ. ಅದೂ ಇಲ್ಲವೆಂದರೆ ಮಾತ್ರ ಲೈನಿನವರಿಗೆ ಫೋನ್ ಮಾಡಿ.

ನಾವು ಮಾಡಿದ್ದು

ಮೊದಲು ಬಲ್ಬು. ಬಚ್ಚಲು, ಉಗ್ರಾಣ, ಅಜ್ಜಿಯ ಕೋಣೆ, ದೇವರ ಮನೆ ಸೇರಿ ಎಂಟು ಕಡೆ ಯಾರೂ ಫೋನಿನಿಂದ ದೀಪ ಆರಿಸಿದ್ದೇ ಇಲ್ಲ. ಅಲ್ಲಿಗೆ ಮಾಮೂಲಿ ಎಲ್‌ಇಡಿ ಬಲ್ಬು ಹಾಕಿದೆವು. 37 ಇದ್ದದ್ದು 29 ಆಯಿತು. ಅಣ್ಣನಿಗೆ ಸ್ವಲ್ಪ ಬೇಜಾರಾಯಿತು, ಅಜ್ಜಿಗೆ ಗೊತ್ತೇ ಆಗಲಿಲ್ಲ.

ಎರಡನೆಯದು, ಪಡಸಾಲೆಯ ಟೀವಿ. ಅದು ರೂಟರಿನಿಂದ ಐದು ಮೀಟರ್ ದೂರದಲ್ಲೂ ಇಲ್ಲ. ಹಿಂದಿನ ಲ್ಯಾನ್ ತೂತಿಗೆ ವೈರು ಚುಚ್ಚಿ, ಟೀವಿಯ ವೈಫೈ ಆಫ್ ಮಾಡಿದೆವು. ಟೀವಿಗೆ ಹೈ-ಡೆಫಿನಿಷನ್ ಚಿತ್ರಕ್ಕೆ ಸುಮಾರು 5 ಮೆಗಾಬಿಟ್ ಬೇಕು, ಮನೆಯ ದೊಡ್ಡ ಹೊಟ್ಟೆ ಅದೇ. ಅದು ವೈರಿಗೆ ಹೋದರೆ ಅಷ್ಟು ಹೊತ್ತಿನ ಮೈಕು ಉಳಿದವರಿಗೆ ಸಿಗುತ್ತದೆ. ಈಗ ವೈಫೈನಲ್ಲಿ 28.

ಮೂರನೆಯದು ಕಣ. ಅಟ್ಟದಲ್ಲಿ ಹಿಂದಿನ ಕನೆಕ್ಷನ್ನಿನ ಹಳೆಯ ರೂಟರು ಬಿದ್ದಿತ್ತು. ಮನೆಯಿಂದ ಕೊಟ್ಟಿಗೆಯವರೆಗೆ ಬಿಸಿಲು-ಮಳೆ ತಡೆಯುವ ನೆಟ್‌ವರ್ಕ್ ವೈರನ್ನು ಪೈಪಿನೊಳಗೆ ಎಳೆದು ಹಳೆಯ ರೂಟರನ್ನು ಕೊಟ್ಟಿಗೆಯ ಗೋಡೆಗೆ ಹಾಕಿದೆವು. ಈ ವೈರು 100 ಮೀಟರ್‌ವರೆಗೆ ನಡೆಯುತ್ತದೆ, ನಮಗೆ 60ರೊಳಗೆ ಸಾಕಾಯಿತು.

ಇಲ್ಲಿ ಒಂದು ದಿನ ಪೂರ್ತಿ ಒದ್ದಾಡಿದೆವು. ಹಳೆಯ ರೂಟರನ್ನು ಹಾಗೇ ಚುಚ್ಚಿದ್ದಕ್ಕೆ ಮನೆಯ ಅರ್ಧ ಫೋನುಗಳಲ್ಲಿ 'ವೈಫೈ ಇದೆ, ಇಂಟರ್ನೆಟ್ ಇಲ್ಲ' ಅಂತ ಬರತೊಡಗಿತು. ಕಾರಣ ಇಷ್ಟು: ವೈಫೈ ಸೇರಿದ ಪ್ರತಿಯೊಂದಕ್ಕೂ ರೂಟರು ಒಂದು ವಿಳಾಸ ಹಂಚುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಹಂಚಿದರೆ ಗೊಂದಲ. ಅದಕ್ಕೆ ಹಳೆಯದನ್ನು ಮೊದಲು ಲ್ಯಾಪ್‌ಟಾಪಿಗೆ ಮಾತ್ರ ಚುಚ್ಚಿ, ಅದರ ಪುಟದಲ್ಲಿ ಎರಡು ಬದಲಾವಣೆ ಮಾಡಬೇಕು. ಅದರ ಸ್ವಂತ ಅಂಕಿಯನ್ನು `192.168.1.2` ಮಾಡುವುದು, `DHCP Server` ಅನ್ನುವುದನ್ನು ಆಫ್ ಮಾಡುವುದು. ಆಮೇಲೆ ಮನೆಯಿಂದ ಬಂದ ವೈರನ್ನು ಅದರ `LAN` ತೂತಿಗೇ ಚುಚ್ಚಬೇಕು, `WAN` ತೂತಿಗಲ್ಲ. ಹೀಗೆ ಮಾಡಿದ ಮೇಲೆ ಗೊಂದಲ ನಿಂತಿತು.

ಇನ್ನೊಂದು, ಎರಡೂ ರೂಟರು ಒಂದೇ ಚಾನೆಲ್‌ನಲ್ಲಿ ಇದ್ದರೆ ಮೈಕು ಮತ್ತೆ ಒಂದೇ ಆಗುತ್ತದೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6 ಮತ್ತು 11. ಮನೆಯದನ್ನು 1ಕ್ಕೆ, ಕೊಟ್ಟಿಗೆಯದನ್ನು 11ಕ್ಕೆ ಇಟ್ಟೆವು. ಕೊಟ್ಟಿಗೆಯ ವೈಫೈಗೆ ಬೇರೆ ಹೆಸರು ಕೊಟ್ಟು ಕೊಟ್ಟಿಗೆ, ಕಣದ ಮೂರೂ ಕ್ಯಾಮೆರಾಗಳನ್ನು ಅದಕ್ಕೆ ಸೇರಿಸಿದೆವು. ಈಗ ಕಣದ ಕ್ಯಾಮೆರಾಕ್ಕೆ ರೂಟರು ಹತ್ತಿರ, ಮಾತು ಚುರುಕು. ಮನೆಯ ರೂಟರಿನಲ್ಲಿ ಉಳಿದದ್ದು 25. ಮಿತಿಯನ್ನು ಮತ್ತೆ 32ಕ್ಕೇ ಇಳಿಸಿದೆವು. ಹಬ್ಬಕ್ಕೆ ಬರುವ ನೆಂಟರಿಗೆ ಏಳು ಸೀಟು ಖಾಲಿ.

ಹೊರಗೆ ಎಳೆದ ತಾಮ್ರದ ವೈರಿಗೆ ಸಿಡಿಲಿನ ಭಯ ಇದೆ. ಮುಂಗಾರಿನ ಮೊದಲ ಗುಡುಗಿಗೇ ಎರಡೂ ಕಡೆ ವೈರು ಕಿತ್ತಿಡುತ್ತೇವೆ, ಹತ್ತಿರ ಸಿಡಿಲು ಬಿದ್ದರೆ ರೂಟರಿನ ತೂತು ಸುಟ್ಟುಹೋಗುತ್ತದೆ. ತೋಟದ ಮನೆಯಷ್ಟು ದೂರ ಇದ್ದರೆ ತಾಮ್ರ ಬೇಡ, ಫೈಬರ್ ಎಳೆಸುವುದೇ ಮೇಲು. ಎರಡು ಬ್ಯಾಂಡಿನ ಹೊಸ ರೂಟರು ತಂದು ಫೋನುಗಳನ್ನೆಲ್ಲ 5 ಗಿಗಾಹರ್ಟ್ಸ್‌ಗೆ ಹಾಕುವ ದಾರಿಯೂ ಇದೆ. ಆದರೆ ಅದು ದಪ್ಪ ಮಣ್ಣಿನ ಗೋಡೆಗಳನ್ನು ದಾಟುವುದು ಕಷ್ಟ, ನಮ್ಮದು ಅಂಥದೇ ಮನೆ.

ಖಾಲಿ ಇದ್ದ ತೂತು

ಇಷ್ಟೆಲ್ಲ ಆದ ಮೇಲೆ ಕ್ಯಾಮೆರಾ ಇಳಿಸಿ ಒರೆಸುವಾಗ ಹುಡುಗ ಅದರ ಹೊಟ್ಟೆಯಡಿಯ ರಬ್ಬರ್ ಮುಚ್ಚಳ ತೆಗೆದು ತೋರಿಸಿದ. ಒಳಗೆ ಮೆಮೊರಿ ಕಾರ್ಡಿನ ತೂತು, ಖಾಲಿ. ತಂದ ದಿನದಿಂದಲೂ ಖಾಲಿ.

ನಮ್ಮ ಕ್ಯಾಮೆರಾಗಳು ಕಾರ್ಡಿದ್ದರೆ ವೈಫೈ ಇಲ್ಲದಾಗಲೂ ಅದಕ್ಕೆ ಬರೆದುಕೊಳ್ಳುತ್ತವೆ. ಕರೆಂಟ್ ಇದ್ದರೆ ಸಾಕು. ನೆಟ್ ಸಿಗದಿದ್ದರೆ ಗಡಿಯಾರ ತಪ್ಪು ತೋರಿಸಬಹುದು, ಚಿತ್ರವಂತೂ ಇರುತ್ತದೆ. ಆ ರಾತ್ರಿ ಹತ್ತೂಕಾಲಿನಿಂದ ಬೆಳಗಿನವರೆಗೆ ಕರೆಂಟ್ ಇತ್ತು. ಕ್ಯಾಮೆರಾ ಕಣ್ಣು ಬಿಟ್ಟುಕೊಂಡೇ ಇತ್ತು. ಬರೆದುಕೊಳ್ಳಲು ಜಾಗ ಇರಲಿಲ್ಲ.

ಈಗ ನಾಲ್ಕಕ್ಕೂ ಕಾರ್ಡ್ ಹಾಕಿದ್ದೇವೆ. ಸುಮ್ಮನೆ ಹಾಕಿದರೆ ಆಗದು, ಆ್ಯಪಿನಲ್ಲಿ ಒಮ್ಮೆ ಫಾರ್ಮ್ಯಾಟ್ ಮಾಡಿ, ವೈಫೈ ಆಫ್ ಮಾಡಿಟ್ಟು ನಿಜವಾಗಿ ಬರೆಯುತ್ತಿದೆಯಾ ಅಂತ ಪರೀಕ್ಷಿಸಬೇಕು. ಎರಡೂ ರೂಟರನ್ನು ಇನ್ವರ್ಟರಿನ ಲೈನಿಗೆ ಹಾಕಿದ್ದೇವೆ. ಕರೆಂಟ್ ಹೋಗಿ ಬಂದಾಗಲೆಲ್ಲ ಆ್ಯಪ್ ತೆಗೆದು ನಾಲ್ಕೂ ಕ್ಯಾಮೆರಾ ಇದೆಯಾ ಅಂತ ನೋಡುವ ಕೆಲಸ ಹುಡುಗನದು.

ಕಾರ್ಡ್ ತರಲು ದುಡ್ಡು ಕೊಟ್ಟದ್ದು ದೊಡ್ಡಪ್ಪ. ಹುಡುಗನನ್ನು ಹತ್ತಿರ ಕರೆದು ನೋಟು ಎಣಿಸಿ ಕೈಗಿಟ್ಟರು. ಕೂಗಾಡಿದ್ದರ ಬಗ್ಗೆ ಏನೂ ಮಾತಾಡಲಿಲ್ಲ. 'ಉಳಿದದ್ದು ನಿಂಗೇ ಇಟ್ಕೊ' ಅಂದರು. ಹುಡುಗ ಚಿಲ್ಲರೆಯನ್ನೂ ಎಣಿಸಿ ವಾಪಸ್ ಕೊಟ್ಟ. ನಾವು ಮಾತ್ರ ಬಾಯಿಬಿಟ್ಟೇ ಹೇಳಿದೆವು, ಅವತ್ತು ನಿನ್ನ ಮಾತು ಕೇಳಬೇಕಿತ್ತು ಅಂತ. 'ಬಿಡಿ ಅಣ್ಣ' ಅಂದ.

ಅಡಿಕೆ ಸಿಕ್ಕಿಲ್ಲ. ಕಳ್ಳನೂ ಸಿಕ್ಕಿಲ್ಲ.